ತಂದೆಯ ಮಾತು, ದಾನಿಯ ಓಲೆ

ನಮ್ಮ ತೀರ್ಥರೂಪರು ದೇಹ ಬಿಡುವ ಹನ್ನೊಂದು ದಿನಗಳ ಮೊದಲು, ಒಂದು ಸಂಜೆ, ನನ್ನನ್ನು ಹತ್ತಿರ ಕರೆದು ಅಟ್ಟದ ಮೇಲಿನ ಓಲೆಯ ಕಟ್ಟುಗಳ ಬಗ್ಗೆ ಮೂರು ಮಾತು ಹೇಳಿದರು. "ಯಾರಿಗೂ ಕೊಡ್ಲಿಕ್ಕಿಲ್ಲ. ಪಟ ತೆಗಿಲಿಕ್ಕೆ ಬಿಡ್ಲಿಕ್ಕಿಲ್ಲ. ಶ್ರುತಪಂಚಮಿಗೆ ಬಿಟ್ಟು ಬೇರೆ ದಿನ ಬಿಚ್ಚಲಿಕ್ಕಿಲ್ಲ. ಆಯ್ತಾ?" ನಾನು "ಆಯ್ತು" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಅಷ್ಟು ಹೊತ್ತು ಬಿಗಿದಿದ್ದ ಹುಬ್ಬುಗಳು ಸಡಿಲವಾದುದನ್ನು ನಾನು ಕಂಡೆ. ಆ ಕ್ಷಣದಲ್ಲಿ ನನ್ನ ಮಾತು ಒಂದು ಔಷಧದಂತೆ ಕೆಲಸ ಮಾಡಿತ್ತು. ಅದು ಸುಳ್ಳಾಗಿತ್ತು ಎನ್ನಲಾರೆ. ಆದರೆ ಒಪ್ಪಿ ಹೇಳಿದ ಮಾತೂ ಅದಾಗಿರಲಿಲ್ಲ.

ಹಸ್ತಪ್ರತಿಗಳನ್ನು ಓದುವುದೇ ನನ್ನ ಜೀವನದ ಕಸುಬು. ಪರರ ಮನೆಯ ಅಟ್ಟಗಳನ್ನು ಹತ್ತಿ, "ಓಲೆಗಳನ್ನು ಮುಚ್ಚಿಡಬೇಡಿ, ಪ್ರತಿ ಮಾಡಿಸಿ" ಎಂದು ಕೈಮುಗಿದು ಕೇಳಿದವನು ನಾನು. ಆ ಮಾತನ್ನು ನನ್ನ ಮನೆಯಲ್ಲಿ, ನನ್ನ ತಂದೆಯ ಎದುರು, ಅವರು ಗಟ್ಟಿಮುಟ್ಟಾಗಿದ್ದ ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಆಡಲಿಲ್ಲ. ಅವರ ಮನಸ್ಸಿಗೆ ನೋವಾದೀತೆಂದು ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾಗಿ, ವಾದಿಸಿದರೆ ಸೋಲುತ್ತೇನೆಂಬ ಅಳುಕು ಇತ್ತು. ಸಾಯುತ್ತಿರುವವರೊಡನೆ ವಾದಿಸಲಾಗುವುದಿಲ್ಲ. ಬದುಕಿದ್ದಾಗ ಆಗಬೇಕಾದ ವಾದವನ್ನು ಮುಂದೂಡುತ್ತ ಹೋದವನಿಗೆ ಕೊನೆಯಲ್ಲಿ ಉಳಿಯುವುದು "ಆಯ್ತು" ಎಂಬ ಒಂದು ಮಾತು ಮಾತ್ರ.

ಅವರ ಇಚ್ಛೆ ಹಠದಿಂದ ಹುಟ್ಟಿದ್ದಲ್ಲ. ನನ್ನ ಅಜ್ಜನ ಕಾಲದಲ್ಲಿ ನಮ್ಮ ಮನೆಯಲ್ಲಿ ಹನ್ನೊಂದು ಕಟ್ಟುಗಳಿದ್ದವು. ಸಂಪಾದನೆಗೆ ಬೇಕೆಂದು ಓದಿದವರೊಬ್ಬರು ಎರಡನ್ನು ಒಯ್ದರು. ಮಳೆಗಾಲ ಕಳೆದ ಮೇಲೆ ಮರಳಿಸುತ್ತೇನೆಂದರು. ಮಳೆಗಾಲಗಳು ಕಳೆದವು. ಅಜ್ಜ ಬರೆದ ಕಾಗದಗಳಿಗೆ ಮೊದಲು ಉತ್ತರ ಬಂತು, ಆಮೇಲೆ ಬರಲಿಲ್ಲ. ಕೊನೆಗೆ ಅಪ್ಪ ಹದಿನಾರರ ಹುಡುಗನಾಗಿ ಎರಡು ಬಸ್ಸು ಹಿಡಿದು ಅವರ ಮನೆಗೆ ಹೋದಾಗ, ಅಂಥ ಕಟ್ಟುಗಳನ್ನು ತಾವು ಕಂಡೇ ಇಲ್ಲವೆಂದು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಿದರಂತೆ. ಕುಡಿಯಲು ನೀರೂ ಕೊಡಲಿಲ್ಲವೆಂಬುದನ್ನು ಅಪ್ಪ ಎಂಬತ್ತು ದಾಟಿದ ಮೇಲೂ ಹೇಳುತ್ತಿದ್ದರು. ಉಳಿದ ಒಂಬತ್ತು ಕಟ್ಟುಗಳು ಅಂದಿನಿಂದ ಅಟ್ಟ ಇಳಿಯಲಿಲ್ಲ.

ಕೊನೆಯ ತಿಂಗಳುಗಳಲ್ಲಿ ಅಪ್ಪ ತಾವಾಗಿಯೇ ಒಂದೊಂದನ್ನು ಬಿಟ್ಟಿದ್ದರು. ಮೊದಲು ಹಾಲು, ಆಮೇಲೆ ಉಪ್ಪು, ಆಮೇಲೆ ಒಂದು ಹೊತ್ತಿನ ಊಟ. ವಿಧಿಪೂರ್ವಕವಾದ ಸಲ್ಲೇಖನ ವ್ರತವನ್ನು ಅವರು ಸ್ವೀಕರಿಸಿರಲಿಲ್ಲ; ಮುನಿಗಳ ಅನುಜ್ಞೆಗೆ ಅವಕಾಶವಾಗಲಿಲ್ಲ. ಆದರೆ ಅವರ ಮನಸ್ಸು ಆ ದಾರಿಯಲ್ಲಿಯೇ ಇತ್ತು. ಮನೆಯವರಿಂದ, ಕೆಲಸದವರಿಂದ ಕ್ಷಮೆ ಬೇಡಿದರು. ಗದ್ದೆಯ ಅಂಚಿನ ವಿಚಾರದಲ್ಲಿ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ನೆರೆಯವರನ್ನು ಕರೆಸಿ ಕೈಮುಗಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಕ್ರಮವೇ ಇದು: ಅಂತ್ಯಕಾಲದಲ್ಲಿ ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಟ್ಟು ಶುದ್ಧಮನಸ್ಕನಾಗಿ, ಸ್ವಜನ ಪರಿಜನರನ್ನು ಕ್ಷಮಿಸಿ, ಅವರಿಂದ ಕ್ಷಮೆಯನ್ನು ಪಡೆಯಬೇಕು. ಎಲ್ಲವನ್ನೂ ಬಿಟ್ಟ ಅಪ್ಪ ಆ ಒಂಬತ್ತು ಕಟ್ಟುಗಳನ್ನು ಮಾತ್ರ ಬಿಡಲಿಲ್ಲ. ಬಾಗಿಲಲ್ಲಿ ನಿಲ್ಲಿಸಿದ ಆ ಮನುಷ್ಯನನ್ನೂ ಬಿಡಲಿಲ್ಲ. ಆತ ತೀರಿಹೋಗಿ ಮೂವತ್ತು ವರ್ಷಗಳಾಗಿದ್ದವು.

ಕೆಲಕಾಲ ನಾನು ಈ ಇಚ್ಛೆಯನ್ನು ನಿದಾನವೆಂಬ ಅತಿಚಾರದ ಕೆಳಗೆ ತಂದು, ಆ ಮೂಲಕ ನನ್ನ ಹೊಣೆಯಿಂದ ಪಾರಾಗಲು ನೋಡಿದೆ. ತತ್ತ್ವಾರ್ಥಸೂತ್ರ ಸಲ್ಲೇಖನದ ಐದು ಅತಿಚಾರಗಳನ್ನು ಹೇಳುತ್ತದೆ: ಬದುಕಿನ ಆಶೆ, ಸಾವಿನ ಆಶೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಆದರೆ ನಿದಾನವೆಂದರೆ ತನ್ನ ತಪಸ್ಸಿಗೆ ಪ್ರತಿಯಾಗಿ ಮುಂದಿನ ಜನ್ಮದ ಭೋಗವನ್ನು ಬೇಡುವುದು. ಅಪ್ಪ ತಮಗಾಗಿ ಏನನ್ನೂ ಬೇಡಲಿಲ್ಲ. ಅವರಲ್ಲಿ ಉಳಿದಿದ್ದುದು ಮಮತ್ವದ ಎಳೆಯೊಂದು, ಅದಕ್ಕೆ ಸುತ್ತಿಕೊಂಡ ವೈರದ ಎಳೆಯೊಂದು. ಶಾಸ್ತ್ರದ ಹೆಸರನ್ನು ತಪ್ಪಾಗಿ ಹಚ್ಚಿ ತಂದೆಯ ಮಾತನ್ನು ತೂಕವಿಲ್ಲದ್ದೆಂದು ಮಾಡುವುದು ಪಂಡಿತರ ಹಳೆಯ ಚಟ. ಅದನ್ನು ಬಿಟ್ಟೆ. ಒಂದು ಪ್ರಶ್ನೆಯನ್ನು ಮಾತ್ರ ಬಿಡಲಾಗಲಿಲ್ಲ. ಅವರು ಬಿಟ್ಟುಹೋಗಬೇಕಾಗಿದ್ದ ವೈರವನ್ನು ಅವರ ಪರವಾಗಿ ನಾನು ಕಾಯ್ದುಕೊಂಡು ಕೂರುವುದು ಅವರಿಗೆ ಮಾಡಿದ ಸೇವೆಯಾದೀತೇ?

ಮೊದಲೆರಡು ವರ್ಷ ಮಾತಿನಂತೆಯೇ ನಡೆದುಕೊಂಡೆ. ಜ್ಯೇಷ್ಠ ಶುಕ್ಲ ಪಂಚಮಿಯ ದಿನ ಕಟ್ಟುಗಳನ್ನು ಇಳಿಸಿ, ಮಣೆಯ ಮೇಲಿಟ್ಟು, ಶ್ರುತಪೂಜೆ ಮಾಡಿ, ಬಟ್ಟೆ ಬದಲಿಸಿ, ಮತ್ತೆ ಏರಿಸಿದೆ. ಮೂರನೆಯ ವರ್ಷ ಹಳೆಯ ಬಟ್ಟೆಯನ್ನು ಕೊಡವುವಾಗ ನೆಲದ ಮೇಲೆ ಸಣ್ಣ ರವೆಯಂಥ ಕಂದು ಹುಡಿ ಬಿತ್ತು. ಈ ಹುಡಿ ಏನೆಂಬುದು ಓಲೆಯೊಡನೆ ಬದುಕಿದವರಿಗೆ ಕೂಡಲೇ ಗೊತ್ತಾಗುತ್ತದೆ. ಬರಿಯ ಧೂಳಾದರೆ ಬೆರಳಿಗೆ ನುಣುಪಾಗಿ ಅಂಟುತ್ತದೆ. ಹುಳು ಕೊರೆದ ಹುಡಿ ಉರುಟುರುಟಾಗಿ ಉದುರುತ್ತದೆ. ಕಟ್ಟಿನ ಅಂಚನ್ನು ಬೆಳಕಿಗೆ ಹಿಡಿದರೆ ಸೂಜಿ ತೂರುವಷ್ಟು ತೂತು. ಹುಳು ಗರಿಯಿಂದ ಗರಿಗೆ ನೇರವಾಗಿ ಹೋಗುತ್ತದೆಯಾದ್ದರಿಂದ ಮೇಲಿನ ಗರಿಯಲ್ಲಿ ಒಂದು ಅಕ್ಷರ ಹೋಗಿದ್ದರೆ ಅದೇ ಜಾಗದ ಅಕ್ಷರ ಕೆಳಗಿನ ಹತ್ತಾರು ಗರಿಗಳಲ್ಲಿಯೂ ಹೋಗಿರುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಶ್ರುತಪಂಚಮಿಯ ದಿನ ಶಾಸ್ತ್ರಗಳನ್ನು ಬಿಚ್ಚಿ, ಒರೆಸಿ, ಹೊಸ ಬಟ್ಟೆ ಸುತ್ತುವ ಆಚಾರ ಬಹಳ ಒಳ್ಳೆಯದು. ಪೂಜೆಯ ಹೆಸರಿನಲ್ಲಿ ವರ್ಷಕ್ಕೊಮ್ಮೆಯಾದರೂ ಎಲ್ಲ ಗ್ರಂಥಗಳೂ ಮನುಷ್ಯರ ಕಣ್ಣಿಗೆ ಬೀಳುತ್ತವೆ. ಆದರೆ ಘಟ್ಟದ ಕೆಳಗೆ ಆ ತಿಥಿ ಬರುವುದು ಮುಂಗಾರು ಕಾಲಿಡುವ ದಿನಗಳಲ್ಲಿಯೇ. ಗಾಳಿಯಲ್ಲಿ ತೇವ ತುಂಬಿದಾಗ ಕಟ್ಟು ಬಿಚ್ಚಿ, ಅದೇ ತೇವವನ್ನು ಒಳಗಿಟ್ಟು ಬಿಗಿದು ಕಟ್ಟಿ, ಮುಂದಿನ ನಾಲ್ಕು ತಿಂಗಳ ಮಳೆಗೆ ಅಟ್ಟದ ಮೇಲಿಟ್ಟರೆ ಹುಳುವಿಗೆ ಬೇರೆ ಆಮಂತ್ರಣ ಬೇಕಿಲ್ಲ. ಅಜ್ಜನ ಕಾಲದಲ್ಲಿ ಶ್ರುತಪಂಚಮಿಯ ಜೊತೆಗೆ ಮಾಗಿಯ ಒಣಹವೆಯಲ್ಲಿಯೂ ಒಮ್ಮೆ ಬಿಚ್ಚುತ್ತಿದ್ದರು. ಆಗ ನೆರಳಿನಲ್ಲಿ ಗಾಳಿಗಿಟ್ಟು, ಮೆದು ಕುಂಚದಿಂದ ಗರಿಗರಿಯನ್ನೂ ಒರೆಸಿ, ನಿಂಬೆಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ತೆಳ್ಳಗೆ ಸವರುತ್ತಿದ್ದರು. ಎಣ್ಣೆ ಓಲೆಯ ಬಾಗನ್ನು ಉಳಿಸುತ್ತದೆ, ವಾಸನೆ ಹುಳುವನ್ನು ದೂರವಿಡುತ್ತದೆ. ಕೊಟ್ಟ ಎರಡು ಕಟ್ಟು ಮರಳದೆ ಹೋದ ಮೇಲೆ, ಬಂದುಹೋಗುವವರ ಕಣ್ಣಿಗೆ ಬೀಳಬಾರದೆಂದು ಅಪ್ಪ ಮಾಗಿಯ ಕೆಲಸವನ್ನು ನಿಲ್ಲಿಸಿದರು. ಕಳ್ಳರಿಂದ ಕಾಪಾಡಲು ಹಾಕಿದ ಬೀಗವೇ ಹುಳುವಿಗೆ ರಕ್ಷೆಯಾಯಿತು.

ಆ ದಿನ ನಾನು ಪೂಜೆಯ ನೆಪದಲ್ಲಿಯೇ ಕಟ್ಟುಗಳ ಕೊನೆಯ ಗರಿಗಳನ್ನು ತೆಗೆದು ನೋಡಿದೆ. ಹಸ್ತಪ್ರತಿಯನ್ನು ಗುರುತಿಸುವವರು ಮೊದಲು ನೋಡುವುದು ಕೊನೆಯನ್ನೇ. ಲಿಪಿಕಾರನಾಗಲಿ, ಬರೆಸಿದವರಾಗಲಿ ಮಾತಾಡುವುದು ಅಲ್ಲಿ. ಐದು ಕಟ್ಟುಗಳು ನಮ್ಮ ಹಿರಿಯರೇ ತಮ್ಮ ಬಳಕೆಗೆ ಬರೆದುಕೊಂಡವು: ಪೂಜಾವಿಧಿಗಳು, ಜಾತಕಗಳು, ನಾಟಿ ಔಷಧ, ಲೇವಾದೇವಿಯ ಲೆಕ್ಕ. ಮೂರರ ಕೊನೆಯಲ್ಲಿ ಪ್ರಶಸ್ತಿಯಿತ್ತು. ಅವುಗಳಲ್ಲಿ ಒಂದು, ಶ್ರಾವಕಾಚಾರವೊಂದರ ಕನ್ನಡ ಟೀಕೆ ಮತ್ತು ನೋಂಪಿಯ ಕಥೆಗಳು ಕೂಡಿದ್ದ ಕಟ್ಟು. ಅದರ ಕೊನೆಯ ಗರಿಯ ಎಡಭಾಗವನ್ನು ಹುಳು ತಿಂದಿತ್ತು. ಉಳಿದ ಅಕ್ಷರಗಳಿಂದ ತಿಳಿದದ್ದಿಷ್ಟು: ಹೆಸರಿನ ಕೊನೆಯಲ್ಲಿ "ಅಬ್ಬೆ" ಎಂದಿರುವ ಒಬ್ಬ ಶ್ರಾವಕಿ, ತಾನು ಹಿಡಿದ ಪಂಚಮಿ ನೋಂಪಿಯ ಉದ್ಯಾಪನೆಯಲ್ಲಿ, ಈ ಗ್ರಂಥವನ್ನು ಬರೆಯಿಸಿ, ಭವ್ಯಜನರು ಓದಲೆಂದು, ನಮ್ಮೂರ ಬಸದಿಗೆ ಶಾಸ್ತ್ರದಾನವಾಗಿ ಕೊಟ್ಟಿದ್ದಾಳೆ. ಶಕವರ್ಷ ಹೋಗಿದೆ, ವಿಕಾರಿ ಸಂವತ್ಸರವೆಂಬುದು ಮಾತ್ರ ಉಳಿದಿದೆ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಅದೊಂದರಿಂದಲೇ ಕಾಲ ಹೇಳಲಾಗದು. ಉಳಿದೆರಡು ಪ್ರಶಸ್ತಿಗಳೂ ಬಸದಿಗೆ ಕೊಟ್ಟ ದಾನವನ್ನೇ ಹೇಳುತ್ತಿದ್ದವು.

ಅವು ನಮ್ಮ ಅಟ್ಟಕ್ಕೆ ಬಂದ ಬಗೆಯನ್ನು ಅಕ್ಕ ನೆನಪಿಸಿದಳು. ಮುತ್ತಜ್ಜ ಬಸದಿಯ ಪೂಜೆಯಲ್ಲಿದ್ದಾಗ ಮಾಡು ಸೋರಿ ಕುಸಿಯಿತಂತೆ. ಬಿಂಬಗಳನ್ನು ಗರ್ಭಗುಡಿಯ ಒಣಗಿದ ಮೂಲೆಗೆ ಸರಿಸಿ, ಓಲೆಗಳನ್ನು ಚಾಪೆಯಲ್ಲಿ ಸುತ್ತಿ ಮನೆಗೆ ತಂದರು. ಮಾಡು ರಿಪೇರಿಯಾಯಿತು, ಓಲೆಗಳು ಹಿಂದಿರುಗಲಿಲ್ಲ. ಮುತ್ತಜ್ಜನಿಗೆ ಅವು ಬಸದಿಯವೆಂದು ಗೊತ್ತಿತ್ತು, ಅಜ್ಜನಿಗೆ ಗೊತ್ತಿದ್ದಿರಬಹುದು, ಅಪ್ಪನಿಗೆ ಅವು "ನಮ್ಮ ಮನೆಯ ಓಲೆ"ಗಳು. ಯಾರೂ ಕದಿಯಲಿಲ್ಲ. ಮೂರು ತಲೆಮಾರಿನ ಮರೆವು ಕಾಪಿಟ್ಟದ್ದನ್ನು ಸ್ವತ್ತಾಗಿ ಮಾಡಿತು.

ಶ್ರಾವಕರು ತಮ್ಮ ಹೆಸರಿನಲ್ಲಿ ಗ್ರಂಥ ಬರೆಯಿಸಿ ಹಂಚುವುದು ನಮ್ಮ ನಾಡಿನಲ್ಲಿ ಅಪರೂಪದ್ದಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಎಲ್ಲರೂ ಬಲ್ಲ ಮಾತು. ಮೂಡಬಿದಿರೆಯ ಮಹಾಬಂಧದ ಓಲೆಯ ಪ್ರಶಸ್ತಿಯೂ ಇಂಥದೇ: ಮಲ್ಲಿಕಬ್ಬೆ ಎಂಬ ಶ್ರಾವಕಿ ಪಂಚಮಿಯ ನೋಂಪಿಯ ಉದ್ಯಾಪನೆಗೆ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದ್ದು. ನಮ್ಮ ಅಟ್ಟದ ಅಬ್ಬೆ ಆ ಸಾಲಿನ ಕೊನೆಯಲ್ಲಿ ಎಲ್ಲೋ ನಿಲ್ಲುವ ಸಾಮಾನ್ಯ ಹೆಂಗಸು. ಆಕೆಯೂ ಸತ್ತವಳು. ಆಕೆಗೂ ಒಂದು ಇಚ್ಛೆಯಿತ್ತು, ಅದನ್ನು ಆಕೆ ಓಲೆಯ ಮೇಲೆ ಕೊರೆಯಿಸಿದ್ದಳು. ಸತ್ತವರ ಮಾತು ನಮ್ಮನ್ನು ಕಟ್ಟುತ್ತದೆ ಎನ್ನುವುದಾದರೆ ಯಾವ ಸತ್ತವರ ಮಾತು? ನಾನು ಕೈಹಿಡಿದು ಕೂತಿದ್ದ ತಂದೆಯದೋ, ಅರ್ಧ ಹೆಸರೂ ಉಳಿಯದ ಈಕೆಯದೋ? ಹತ್ತಿರದ ಸಾವಿನ ಧ್ವನಿ ಜೋರಾಗಿ ಕೇಳುತ್ತದೆ ಎಂಬುದರ ಹೊರತು ಅದಕ್ಕೆ ಹೆಚ್ಚಿನ ಅಧಿಕಾರ ಇರುವ ಕಾರಣ ನನಗೆ ಕಾಣಲಿಲ್ಲ.

ಸತ್ತವರು ನೋಡುತ್ತಿರುತ್ತಾರೆ, ನೊಂದುಕೊಳ್ಳುತ್ತಾರೆ ಎಂಬ ಭಯಕ್ಕೆ ನಮ್ಮ ಸಿದ್ಧಾಂತದಲ್ಲಿ ಎಡೆಯಿಲ್ಲ. ದೇಹ ಬಿಟ್ಟ ಜೀವ ನಾಲ್ಕನೆಯ ಸಮಯಕ್ಕೆ ಮುಂಚೆಯೇ ಮುಂದಿನ ಜನ್ಮಸ್ಥಾನವನ್ನು ಸೇರಿಬಿಡುತ್ತದೆ. ಒಂದು ಸಮಯವೆಂದರೆ ಕಣ್ಣೆವೆಯಿಕ್ಕುವ ಹೊತ್ತಿನಲ್ಲಿ ಎಣಿಸಲಾಗದಷ್ಟು ಕಳೆದುಹೋಗುವ ಕಾಲದ ಕಣ. ನಾವು ಅಳತೊಡಗುವ ಮೊದಲೇ ಹೋದವರು ಇನ್ನೊಂದು ಬದುಕಿನಲ್ಲಿರುತ್ತಾರೆ. ಪಿಂಡ ಕೊಟ್ಟರೆ ತಿನ್ನಲು ಅಲ್ಲಿ ಯಾರೂ ಕಾದಿಲ್ಲ. ಇದನ್ನು ಜೈನ ಕಥಾಕಾರರು ಹೇಳಿದಷ್ಟು ಕಠೋರವಾಗಿ ಬೇರೆ ಯಾರೂ ಹೇಳಿಲ್ಲವೆನ್ನಿಸುತ್ತದೆ. ಯಶೋಧರನ ಕಥೆಯನ್ನು ನೆನೆಯಿರಿ. ತಂದೆ ಮೀನಾಗಿ ಹುಟ್ಟಿ ಬಲೆಗೆ ಬಿದ್ದಿದ್ದಾನೆ. ಮಗ ಯಶೋಮತಿ ತೀರಿಕೊಂಡ ತಂದೆಯ ಹಿತಕ್ಕೆಂದು ಆ ಮೀನಿನಿಂದಲೇ ಶ್ರಾದ್ಧದ ಅಡುಗೆ ಮಾಡಿಸುತ್ತಾನೆ. ಮಗನಲ್ಲಿ ದುರುದ್ದೇಶ ಎಳ್ಳಷ್ಟೂ ಇಲ್ಲ, ಭಕ್ತಿಯೇ ತುಂಬಿದೆ. ಆ ಭಕ್ತಿಯ ಕೆಳಗೆ ಬೇಯುತ್ತಿರುವುದು ತಂದೆ.

ಅದೇ ಕಥೆಯ ಮೊದಲ ಭಾಗ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯನ್ನು ಕಾಲೇಜಿನಲ್ಲಿ ಪಾಠ ಹೇಳಿದ ವರ್ಷಗಳಲ್ಲಿ ಅಮೃತಮತಿಯ ಪ್ರಸಂಗಕ್ಕೇ ತರಗತಿಯ ಸಮಯವೆಲ್ಲ ಹೋಗುತ್ತಿತ್ತು. ತಾಯಿ ಚಂದ್ರಮತಿಯ ಭಾಗವನ್ನು ಬೇಗ ಮುಗಿಸಿಬಿಡುತ್ತಿದ್ದೆ. ತಾಯಿ ದುಃಸ್ವಪ್ನದ ಶಾಂತಿಗೆ ಪ್ರಾಣಿಬಲಿ ಬೇಕೆನ್ನುತ್ತಾಳೆ. ಯಶೋಧರ ಹಿಂಸೆಯನ್ನು ಒಪ್ಪುವವನಲ್ಲ, ವಾದಿಸುತ್ತಾನೆ. ಕೊನೆಗೆ ತಾಯಿಯ ಮನಸ್ಸು ಮುರಿಯಲಾರದೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ತಾಯಿಯ ಮಾತೂ ಉಳಿಯಿತು, ಜೀವವೂ ಹೋಗಲಿಲ್ಲ ಎಂಬ ಲೆಕ್ಕಾಚಾರ ಅದು. ಆ ಸಂಕಲ್ಪಹಿಂಸೆಗೇ ತಾಯಿ ಮಗ ಇಬ್ಬರೂ ನಾಯಿ ನವಿಲುಗಳಾಗಿ ತೊಡಗಿ ಜನ್ಮಜನ್ಮಗಳಲ್ಲಿ ಒಬ್ಬರನ್ನೊಬ್ಬರು ಕಾಣುತ್ತ ನರಳುತ್ತಾರೆ. ಮಗನ ವಿಧೇಯತೆಯಿಂದ ತಾಯಿಗೂ ಒಳ್ಳೆಯದಾಗಲಿಲ್ಲ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿದ ನೆನಪಿಲ್ಲ.

ಹಾಗಾದರೆ ಸತ್ತ ತಂದೆಗೆ ನಾನು ಏನೂ ಬಾಕಿಯಿಲ್ಲವೇ? ಇಲ್ಲ ಎನ್ನುವುದು ಸುಲಭವಿತ್ತು. ತಡೆದದ್ದು ನನ್ನ "ಆಯ್ತು". ಅಪ್ಪನ ಇಚ್ಛೆ ಅಪ್ಪನೊಂದಿಗೆ ಹೋಗಿರಬಹುದು; ಆ ಮಾತು ನನ್ನದು, ನನ್ನ ಜೊತೆಗೇ ಇದೆ. ನನ್ನನ್ನು ಕಟ್ಟಿದ್ದು ಸತ್ತವರಲ್ಲ, ನನ್ನ ಸತ್ಯಾಣುವ್ರತ. ತಂದೆಯ ಇಚ್ಛೆಯನ್ನು ಒಪ್ಪದಿರುವುದು ಒಂದು ವಿಷಯ, ಒಪ್ಪಿದೆನೆಂದು ಹೇಳಿ ಮುರಿಯುವುದು ಇನ್ನೊಂದು. ಮಾತು ಕೊಡದೆ ಇದ್ದಿದ್ದರೆ ನಾನು ಮೊದಲ ವರ್ಷವೇ ಕಟ್ಟು ಬಿಚ್ಚುತ್ತಿದ್ದೆ.

ಈ ಗೊಂದಲದಲ್ಲಿದ್ದಾಗ ಸತ್ಯಾಣುವ್ರತದ ಐದು ಅತಿಚಾರಗಳನ್ನು ಮತ್ತೆ ತೆರೆದು ನೋಡಿದೆ. ನಾಲ್ಕನೆಯದು ನ್ಯಾಸಾಪಹಾರ. ನ್ಯಾಸವೆಂದರೆ ಇಟ್ಟುಕೊಳ್ಳಿರೆಂದು ಒಪ್ಪಿಸಿದ ಒಡವೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿ ಸೂಕ್ಷ್ಮವಾಗಿದೆ. ಒಬ್ಬನು ಹಣವನ್ನು ನಿನ್ನ ಬಳಿ ಇಟ್ಟಿದ್ದಾನೆ. ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತಿದ್ದಾನೆ. ಬಂದು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ನೀನು "ಹಾಗೆಯೇ" ಎನ್ನುತ್ತೀ, ಅಷ್ಟನ್ನೇ ಕೊಡುತ್ತೀ. ಇದನ್ನು ಅವರು ಕಳವಿನ ಅತಿಚಾರಗಳಲ್ಲಿ ಸೇರಿಸಲಿಲ್ಲ, ಸತ್ಯದ ಅತಿಚಾರಗಳಲ್ಲಿ ಸೇರಿಸಿದರು. ತಪ್ಪಿರುವುದು ಆ ಒಂದು ಒಪ್ಪಿಗೆಯ ಮಾತಿನಲ್ಲಿ. ಸುಳ್ಳು ಹೇಳಿದಂತೆ ಕಾಣುವುದೇ ಇಲ್ಲ. ಇನ್ನೊಬ್ಬನ ಮರೆವಿಗೆ ತಲೆಯಾಡಿಸಿದ್ದಷ್ಟೇ.

ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಅಪ್ಪ ಮರೆತಿದ್ದರು. ನಾನು "ಆಯ್ತು" ಎಂದಿದ್ದೆ. ಅಂದು ನನಗೂ ಗೊತ್ತಿರಲಿಲ್ಲ, ಆದ್ದರಿಂದ ಅಂದಿನ ಮಾತು ಅತಿಚಾರವಾಗಲಿಲ್ಲ. ಪ್ರಶಸ್ತಿಯನ್ನು ಓದಿದ ಮರುಕ್ಷಣದಿಂದ ಅದೇ ಮಾತು ಅಬ್ಬೆಯ ನ್ಯಾಸವನ್ನು ನುಂಗುವ ಮಾತಾಯಿತು. ಮಾತು ಉಳಿಸಿಕೊಂಡರೂ ಸತ್ಯಕ್ಕೆ ಲೋಪ, ಮುರಿದರೂ ಲೋಪ. ಆದರೆ ಎರಡೂ ಲೋಪಗಳು ಸಮಾನವಲ್ಲ. ತನ್ನದಲ್ಲದ ವಸ್ತುವಿನ ಮೇಲೆ ತಂದೆ ಕಟ್ಟಳೆ ಹಾಕಲಾರರು, ಆ ಕಟ್ಟಳೆಗೆ ನಾನು ಕೊಟ್ಟ ಒಪ್ಪಿಗೆಗೂ ಅಷ್ಟೇ ಬೆಲೆ. ನಮ್ಮ ಹಿರಿಯರೇ ಬರೆದುಕೊಂಡ ಐದು ಕಟ್ಟುಗಳ ಮಾತು ಬೇರೆ. ಅವು ಅವರ ಸ್ವತ್ತು, ಅಲ್ಲಿ ಅವರ ಮಾತು ನಡೆಯುತ್ತದೆ. ಅವುಗಳಲ್ಲಿ ಅನ್ಯಮನೆಗಳ ಜಾತಕಗಳೂ ಸಾಲದ ಲೆಕ್ಕಗಳೂ ಇವೆ. ಮುಚ್ಚಿಡಬೇಕೆನ್ನುವುದು ಅಸಂಬದ್ಧವೂ ಅಲ್ಲ. ಒಪ್ಪದಿದ್ದರೂ ಪಾಲಿಸಬೇಕಾದ ಇಚ್ಛೆ ಎಂದರೆ ಇದು ಎಂದುಕೊಂಡೆ.

ಹೇಗೆ ಮುರಿಯುವುದು ಎಂಬುದು ಉಳಿಯಿತು. ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಕಥೆ ಇಲ್ಲಿ ನೆನಪಾಗದೆ ಇರಲಾರದು. ಧವಲ ಜಯಧವಲಗಳ ಓಲೆಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಹೊರಗೆ ಹೋಗಬಾರದೆಂಬುದು ಹಿರಿಯರಿಂದ ಬಂದ ಕಟ್ಟು. 1896ರ ಸುಮಾರಿಗೆ ಅವುಗಳ ಪ್ರತಿ ಮಾಡುವ ಕೆಲಸ ಅಲ್ಲಿಯೇ, ಅಲ್ಲಿಯೇ ಉಳಿಯಬೇಕೆಂಬ ನಿಬಂಧನೆಯೊಂದಿಗೆ ತೊಡಗಿತು. ಪ್ರತಿಕಾರರಾದ ಗಜಪತಿ ಉಪಾಧ್ಯಾಯರು ಮನೆಯಲ್ಲಿ ಮಡದಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದನ್ನು ಮೊದಲು ಕೊಳ್ಳಲು ಕೇಳಿದಾಗ ನೈತಿಕ ಅಳುಕಿನಿಂದ ಹಿಂಜರಿದವರೂ ಇದ್ದರು. ಕೊನೆಗೆ ಅದು ಸಹಾರನಪುರವನ್ನು ಸೇರಿತು; ಅಲ್ಲಿಂದ ಹರಡಿದ ಪ್ರತಿಗಳನ್ನು ಆಧರಿಸಿ ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದರು. ಮುಂದಿನ ಸಂಪುಟಗಳ ಹೊತ್ತಿಗೆ ಮೂಡಬಿದಿರೆಯವರೇ ಮೂಲದೊಂದಿಗೆ ಪಾಠವನ್ನು ಹೋಲಿಸಲು ಅವಕಾಶವಿತ್ತರು. ನಾನು ನನ್ನ ಕಪಾಟಿನಿಂದ ಆ ಸಂಪುಟಗಳನ್ನು ತೆಗೆದು ಓದುವ ಪ್ರತಿ ಸಲವೂ ಗಜಪತಿ ದಂಪತಿಗಳಿಗೆ ಋಣಿಯೇ. ಅವರು ನಿಬಂಧನೆಯನ್ನು ಮೀರಿದ್ದು ನನಗೆ ತೊಡಕಲ್ಲ. ಗುಟ್ಟಾಗಿ ಮೀರಿದ್ದರಿಂದಾಗಿ, ಕೊಟ್ಟ ಮಾತು ತಪ್ಪಿದ್ದು ಸರಿಯೇ ಎಂದು ಯಾರೊಡನೆಯೂ ಕೇಳಿಕೊಳ್ಳುವ ಅವಕಾಶ ಅವರಿಗೆ ಸಿಗಲಿಲ್ಲ ಎಂಬುದು ತೊಡಕು.

ನನ್ನ ಗುಟ್ಟಿನ ದಾರಿಯೂ ಸಿದ್ಧವಿತ್ತು. ಓಲೆಗಳನ್ನು ಯಾರಿಗೂ ಕೊಡದೆ, ಶ್ರುತಪಂಚಮಿಯ ದಿನವೇ, ನನ್ನ ಮೊಬೈಲಿನಲ್ಲಿಯೇ ಪಟ ತೆಗೆದುಕೊಂಡರೆ ಮೂರು ಮಾತುಗಳಲ್ಲಿ ಎರಡು ಉಳಿದಂತಾಗುತ್ತಿತ್ತು. ಕೆಲವು ದಿನ ಇದೇ ಒಳ್ಳೆಯ ಉಪಾಯವೆನಿಸಿತ್ತು. ಆಮೇಲೆ ಅದು ಹಿಟ್ಟಿನ ಕೋಳಿಯೆಂದು ಹೊಳೆಯಿತು.

ಅಕ್ಕನಿಗೆ ಹೇಳಿದೆ. ಅವಳು ಸಿಟ್ಟಾಗುತ್ತಾಳೆಂದು ಎಣಿಸಿದ್ದೆ. "ಅಪ್ಪನಿಗೆ ನಿನ್ನ ಮನಸ್ಸು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮಾತು ತೆಗೊಂಡದ್ದು," ಎಂದಳು. ಅದು ನನಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಭಾರವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಬಸದಿಯದ್ದು ಅಂತ ಅಪ್ಪನಿಗೆ ಗೊತ್ತಿದ್ರೆ ಒಂದು ರಾತ್ರಿ ಸಹ ಇಟ್ಕೊಳ್ತಿರ್ಲಿಲ್ಲ," ಎಂದಳು. ನಿಜ. ಬಸದಿಯ ಎಣ್ಣೆಯ ಡಬ್ಬಿಯಿಂದ ಮನೆಯ ದೀಪಕ್ಕೆ ಒಂದು ಹನಿ ಬೀಳಲು ಬಿಡದ ಮನುಷ್ಯ ಅವರು. ಆದರೂ ಸತ್ತವರು ಇದ್ದಿದ್ದರೆ ಒಪ್ಪುತ್ತಿದ್ದರು ಎಂಬ ವಾದವನ್ನು ನಾನು ಪೂರ್ತಿ ನಂಬುವುದಿಲ್ಲ. ನಮಗೆ ಬೇಕಾದುದನ್ನು ಅವರ ಬಾಯಲ್ಲಿ ಇಡುವುದು ಬಹಳ ಸುಲಭ, ಅವರು ಅಲ್ಲವೆನ್ನಲಾರರು.

ಪರ್ಯೂಷಣದ ಹತ್ತು ದಿನ ಮುಗಿದ ಮೇಲೆ, ಕ್ಷಮಾವಣಿಯ ದಿನ, ಬಸದಿಯಲ್ಲಿ ಹಿರಿಯರ ಎದುರು ಮೂರು ಕಟ್ಟುಗಳನ್ನಿಟ್ಟು ನಡೆದುದನ್ನು ಹೇಳಿದೆ: ಇವು ಬಸದಿಯವು, ಮೂರು ತಲೆಮಾರು ನಮ್ಮಲ್ಲಿದ್ದವು, ತಂದೆಗೆ ಮಾತು ಕೊಟ್ಟಿದ್ದೆ, ಅದನ್ನು ಮುರಿಯುತ್ತಿದ್ದೇನೆ. ಆಲೋಚನೆ ಮಾಡಿ, ಒಂದು ತಿಂಗಳು ಏಕಾಶನದ ನಿಯಮ ಹಿಡಿದೆ. ಸರಿಯಾದ ಕೆಲಸ ಮಾಡಿ ಪ್ರಾಯಶ್ಚಿತ್ತವೇಕೆ ಎಂದು ಯುವಕನೊಬ್ಬ ಕೇಳಿದ. ಓಲೆ ಮರಳಿಸಿದ್ದಕ್ಕಲ್ಲ, ಒಪ್ಪದೆ ಒಪ್ಪಿಕೊಂಡದ್ದಕ್ಕೆ ಎಂದೆ.

ಮಾಗಿಯ ಒಣಹವೆಯಲ್ಲಿ ಬಸದಿಯ ಜಗಲಿಯಲ್ಲಿಯೇ ಕೆಲಸ ನಡೆಯಿತು. ಅಂಟಿಕೊಂಡಿದ್ದ ಗರಿಗಳನ್ನು ಎಳೆದು ಬಿಡಿಸಲಿಲ್ಲ. ಎಳೆದರೆ ಮೇಲಿನ ಗರಿಯ ಸಿಪ್ಪೆಯೊಂದಿಗೆ ಅಕ್ಷರವೂ ಕಿತ್ತು ಬರುತ್ತದೆ. ಎಣ್ಣೆ ಸವರಿ, ದಿನಗಟ್ಟಲೆ ಕಾದು, ಬಿದಿರಿನ ತೆಳ್ಳನೆಯ ಸೀಳಿನಿಂದ ಒಂದೊಂದಾಗಿ ಬೇರ್ಪಡಿಸಿದೆವು. ಮಸಿ ಹಾರಿಹೋಗಿದ್ದ ಕಡೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದಾಗ ಕಂಠದ ಗೀರುಗಳಲ್ಲಿ ಅಕ್ಷರಗಳು ಮೇಲೆದ್ದವು. ಎರಡೂ ಮಗ್ಗುಲುಗಳ ಪಟ, ಗರಿಯ ಎಡ ಅಂಚಿನ ಸಂಖ್ಯೆಯ ಕ್ರಮದಲ್ಲಿ, ಪಕ್ಕದಲ್ಲಿ ಅಳತೆಯ ಪಟ್ಟಿಯಿಟ್ಟು ತೆಗೆಸಿದೆವು. ಅಬ್ಬೆಯ ಕಟ್ಟಿನಲ್ಲಿ ನಡುವೆ ಹದಿನೇಳು ಗರಿಗಳು ಹುಡಿಯಾಗಿದ್ದವು. ನಾನು ಮಾತು ಉಳಿಸಿಕೊಂಡಿದ್ದ ವರ್ಷಗಳಲ್ಲಿ ಅವುಗಳಲ್ಲಿ ಎಷ್ಟು ಹೋದವೆಂದು ಹೇಳುವ ಉಪಾಯವಿಲ್ಲ.

ಐದು ಕಟ್ಟುಗಳು ಅಟ್ಟದಲ್ಲಿವೆ. ಅಪ್ಪ ಹೇಳಿದಂತೆ ಯಾರಿಗೂ ಕೊಟ್ಟಿಲ್ಲ, ಪಟ ತೆಗೆಸಿಲ್ಲ. ಮಾಗಿಯಲ್ಲಿ ಬಿಚ್ಚಿ ಎಣ್ಣೆ ಸವರುತ್ತೇನೆ; ಅಷ್ಟರ ಮಟ್ಟಿಗೆ ಮೂರನೆಯ ಮಾತು ಅಲ್ಲಿಯೂ ಮುರಿದಿದೆ. ಒಂಬತ್ತನೆಯ ಕಟ್ಟು ಮಾತ್ರ ನನ್ನ ಮೇಜಿನ ಮೇಲಿದೆ. ಅದರ ಕೊನೆಯ ಗರಿಗಳೇ ಇಲ್ಲ. ಬರಹ ನಮ್ಮ ಹಿರಿಯರ ಕೈಯದಲ್ಲ. ಶ್ರೀತಾಳೆಯ ಓಲೆ, ದುಂಡಗಿನ ಹಳೆಯ ಅಕ್ಷರ, ಯಾರೋ ದುಡ್ಡು ಕೊಟ್ಟು ಬರೆಯಿಸಿದಂಥ ಅಚ್ಚುಕಟ್ಟು. ಬಸದಿಗೆ ಕೊಟ್ಟದ್ದೋ, ಮುತ್ತಜ್ಜ ಕೊಂಡದ್ದೋ, ಹೇಳುವ ಒಂದಕ್ಷರವೂ ಉಳಿದಿಲ್ಲ. ಕಳೆದ ಮಾಗಿಯಲ್ಲಿ ಅದರ ಮೇಲುಹಲಗೆಯನ್ನು ತೆಗೆದು ಮೊದಲ ಗರಿಯ ಮಂಗಲಪದ್ಯದವರೆಗೆ ಓದಿದೆ, ಮತ್ತೆ ದಾರ ಸುತ್ತಿದೆ. ಮುಂದಿನ ಗರಿಗೆ ಹೋಗಬೇಕೋ ಬೇಡವೋ ಎಂದು ಅಕ್ಕನನ್ನು ಕೇಳಿದೆ. "ಅಪ್ಪನದ್ದೇ ಅಂತಾದ್ರೆ ಏನು ಮಾಡ್ತೀ?" ಎಂದಳು. ಉತ್ತರ ಹೇಳದೆ ಬಟ್ಟೆ ಕಟ್ಟಿದೆ.